ಬೇಣದ ಮೇಲಿನ ಶಾಲೆಗೆ ಗ್ರೌಂಡ್ ಸೋರ್ಸ್ ಹೀಟ್ ಪಂಪ್: ಎಷ್ಟು ಬೋರು, ಎಷ್ಟು ಆಳ?

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಶಾಲೆಯ ಕೋಣೆ ಬಿಸಿ ಮಾಡಬೇಕಾದ ದಿನ ಒಂದೂ ಇಲ್ಲ, ತಂಪು ಮಾಡಬೇಕಾದ ದಿನಗಳೇ ಎಲ್ಲ. ಹೀಟ್ ಪಂಪು ಕೋಣೆಯ ಸೆಕೆಯನ್ನು ನೆಲದೊಳಗೆ ಸುರಿಯುತ್ತದೆ. ಚಳಿ ದೇಶಗಳಲ್ಲಿ ಬೇಸಿಗೆಯಲ್ಲಿ ಸುರಿದದ್ದನ್ನು ಚಳಿಗಾಲದಲ್ಲಿ ಮರಳಿ ತೆಗೆಯುತ್ತಾರೆ, ನಮ್ಮಲ್ಲಿ ತೆಗೆಯುವವರಿಲ್ಲ. ಹಾಗಾಗಿ ವರ್ಷದಿಂದ ವರ್ಷಕ್ಕೆ ಬೋರುಗಳ ನಡುವಿನ ನೆಲ ಕಾಯುತ್ತ ಹೋಗುತ್ತದೆ. ಬೋರಿನ ಒಟ್ಟು ಉದ್ದವನ್ನು ಲೆಕ್ಕ ಹಾಕುವಾಗ ಮೊದಲ ವರ್ಷದ ನೆಲವನ್ನಲ್ಲ, ಹತ್ತನೇ ವರ್ಷದ ನೆಲವನ್ನು ನೋಡಬೇಕು.

‘ಟನ್ನಿಗೆ 60 ಮೀಟರ್ ಬೋರು’ ಎಂಬ ಅಂದಾಜು ಹಲವು ಕೊಟೇಶನ್‌ಗಳಲ್ಲಿ ಕಾಣುತ್ತದೆ. ನೆಲ 12–15 ಡಿಗ್ರಿ ಇರುವ ನಾಡುಗಳಲ್ಲಿ ಹುಟ್ಟಿದ ಲೆಕ್ಕ ಅದು. 28 ಡಿಗ್ರಿಯ ನೆಲದಲ್ಲಿ ಅದು ಎಷ್ಟು ಕಡಿಮೆ ಬೀಳುತ್ತದೆ ಎಂಬುದನ್ನು ಒಂದು ಉದಾಹರಣೆ ಹಿಡಿದು ಕೊನೆಯವರೆಗೆ ಲೆಕ್ಕ ಮಾಡಿ ನೋಡೋಣ.

ಉದಾಹರಣೆಯ ಶಾಲೆ

ಅಂಕೋಲಾ–ಕಾರವಾರ ನಡುವೆ ಚೀರೆಕಲ್ಲಿನ ಬೇಣದ ಮೇಲೆ ಒಂದು ವಸತಿ ಶಾಲೆ ಇದೆ ಎಂದಿಟ್ಟುಕೊಳ್ಳಿ. ಕಂಪ್ಯೂಟರ್ ಕೋಣೆ, ಗ್ರಂಥಾಲಯ ಮತ್ತು ಕೆಲವು ತರಗತಿಗಳಿಗೆ ಸೇರಿ ಗರಿಷ್ಠ ತಂಪಿನ ಬೇಡಿಕೆ 50 ಕಿಲೋವ್ಯಾಟ್, ಅಂದರೆ ಸುಮಾರು 14 ಟನ್. ಹಾಸ್ಟೆಲ್ಲಿನ 150 ಮಕ್ಕಳಿಗೆ ತಲಾ 20 ಲೀಟರ್‌ನಂತೆ ದಿನಕ್ಕೆ 3,000 ಲೀಟರ್ ಬಿಸಿನೀರು ಬೇಕು. ನೆಲದಿಂದ ಶಾಖ ತೆಗೆಯುವ ಕೆಲಸ ಇಡೀ ಶಾಲೆಯಲ್ಲಿ ಈ ಸ್ನಾನದ ನೀರೊಂದೇ.

ಮೊದಲ ಹೆಜ್ಜೆ: ಶಾಲೆಯ ಕ್ಯಾಲೆಂಡರ್ ಬಿಡಿಸಿಕೊಳ್ಳಿ

ಹವಾಮಾನದ ಪಟ್ಟಿ ನೋಡಿ ಮೇ ತಿಂಗಳೇ ಅತಿ ಕೆಟ್ಟದ್ದೆಂದು ಹಿಡಿಯಬೇಡಿ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ನಮ್ಮ ಶಾಲೆಗಳು ಬಾಗಿಲು ಹಾಕಿರುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲು ಇರದಿದ್ದರೂ ಗಾಳಿಯ ತೇವ ತೆಗೆಯಲು ಯಂತ್ರ ದುಡಿಯಲೇಬೇಕು. ಆದರೆ ಭಾರಿ ಮಳೆಗೆ ಜಿಲ್ಲಾಡಳಿತ ರಜೆ ಕೊಡುವ ದಿನಗಳೂ ಅದೇ ಅವಧಿಯಲ್ಲಿ ಬರುತ್ತವೆ. ಅಕ್ಟೋಬರಿನಲ್ಲಿ ದಸರಾ ರಜೆ ಇದೆ. ಹೀಗೆ ಕಳೆದುಕೊಂಡು ಬಂದರೆ ಲೆಕ್ಕಕ್ಕೆ ಹಿಡಿಯಬೇಕಾದ ತಿಂಗಳು ಮಾರ್ಚ್: ಸೆಕೆ ಏರಿರುತ್ತದೆ, ಶಾಲೆ ತುಂಬಿರುತ್ತದೆ, ಅಂತರ್ಜಲವೂ ಕೆಳಗಿಳಿದಿರುತ್ತದೆ.

ನಮ್ಮ ಉದಾಹರಣೆಯಲ್ಲಿ ಯಂತ್ರ ಪೂರ್ಣ ಹೊರೆಯಲ್ಲಿ ಓಡಿದಂತೆ ಎಣಿಸಿದರೆ ಮಾರ್ಚ್‌ನಲ್ಲಿ 120 ಗಂಟೆ, ವರ್ಷಕ್ಕೆ 900 ಗಂಟೆ ಆಗುತ್ತದೆ ಎಂದು ಹಿಡಿಯೋಣ. ಕಟ್ಟಡದ ಗಂಟೆವಾರು ಲೆಕ್ಕ ಇದ್ದರೆ ಈ ಎರಡು ಅಂಕಿಗಳನ್ನು ಅಲ್ಲಿಂದಲೇ ತೆಗೆಯಿರಿ.

ಎರಡನೇ ಹೆಜ್ಜೆ: ಕೋಣೆಯ ಹೊರೆಯನ್ನು ನೆಲದ ಹೊರೆಯಾಗಿ ಬದಲಿಸಿ

ನೆಲಕ್ಕೆ ಹೋಗುವುದು ಕೋಣೆಯ ಶಾಖ ಮಾತ್ರವಲ್ಲ, ಕಂಪ್ರೆಸರ್ ತಿಂದ ಕರೆಂಟೂ ಶಾಖವಾಗಿ ಅಲ್ಲಿಗೇ ಹೋಗುತ್ತದೆ. ಬೋರುಗಳೊಳಗಿನ ಕೊಳವೆಯಲ್ಲಿ ಸುತ್ತುವ ಲೂಪಿನ ನೀರು 38 ಡಿಗ್ರಿಯಲ್ಲಿ ಯಂತ್ರಕ್ಕೆ ಬರುವಾಗ ದಕ್ಷತೆಯ ಅಂಕ 4, ಅಂದರೆ ಒಂದು ಯೂನಿಟ್ ಕರೆಂಟಿಗೆ ನಾಲ್ಕು ಯೂನಿಟ್ ತಂಪು ಎಂದು ಹಿಡಿದರೆ 50 ಕಿಲೋವ್ಯಾಟ್ ತಂಪಿಗೆ 62.5 ಕಿಲೋವ್ಯಾಟ್ ನೆಲಕ್ಕಿಳಿಯುತ್ತದೆ. ವರ್ಷಕ್ಕೆ 900 ಗಂಟೆಯಾದರೆ 56,250 ಯೂನಿಟ್.

ಬಿಸಿನೀರಿನದು ಇದರ ತಿರುಗು ಲೆಕ್ಕ. 3,000 ಲೀಟರ್ ನೀರನ್ನು 27ರಿಂದ 50 ಡಿಗ್ರಿಗೆ ಏರಿಸಲು ದಿನಕ್ಕೆ 80 ಯೂನಿಟ್ ಶಾಖ ಬೇಕು. ಇದರಲ್ಲಿ ಕಾಲು ಭಾಗ ಕಂಪ್ರೆಸರಿನ ಕರೆಂಟಿನಿಂದ ಬರುತ್ತದೆ, ಉಳಿದ 60 ಯೂನಿಟ್ ನೆಲದಿಂದ ಬರುತ್ತದೆ. ವರ್ಷಕ್ಕೆ 250 ದಿನವೆಂದರೆ 15,000 ಯೂನಿಟ್. ಸುರಿದದ್ದರಲ್ಲಿ ಇದನ್ನು ಕಳೆದರೆ ನೆಲದಲ್ಲಿ ಉಳಿಯುವುದು 41,250 ಯೂನಿಟ್. ವರ್ಷದ 8,760 ಗಂಟೆಗಳಿಗೆ ಹಂಚಿದರೆ ನಿರಂತರವಾಗಿ 4.71 ಕಿಲೋವ್ಯಾಟ್. ಹೊರೆಯ ಅಸಮತೋಲನ ಎನ್ನುವುದು ಈ ಅಂಕಿಯನ್ನೇ. ಇದು ಸೊನ್ನೆಯಾಗಿದ್ದರೆ ಹತ್ತನೇ ವರ್ಷದ ಚಿಂತೆಯೇ ಇರುತ್ತಿರಲಿಲ್ಲ.

ಮಾರ್ಚ್ ತಿಂಗಳ ಸರಾಸರಿ ತೆಗೆಯಲು 62.5 ಅನ್ನು 120ರಿಂದ ಗುಣಿಸಿ 744 ಗಂಟೆಗಳಿಂದ ಭಾಗಿಸಿ, 10.08 ಕಿಲೋವ್ಯಾಟ್ ಸಿಗುತ್ತದೆ. ಇಲ್ಲಿ ಬಿಸಿನೀರನ್ನು ಕಳೆಯುವುದು ಬೇಡ. ಮಾರ್ಚ್ ಸೆಕೆಯಲ್ಲಿ ಮಕ್ಕಳು ತಣ್ಣೀರೇ ಹೊಯ್ದುಕೊಳ್ಳುತ್ತಾರೆ, ಆ ತಿಂಗಳು ಬಾರದ ಸಹಾಯವನ್ನು ನಂಬಿ ಬೋರು ಕಡಿಮೆ ಮಾಡುವುದು ತಪ್ಪು.

ಮೂರನೇ ಹೆಜ್ಜೆ: ನೆಲವನ್ನು ಅಳೆಯಿರಿ

ಮೂರು ಅಂಕಿ ಬೇಕು: ಕದಡದ ನೆಲದ ತಾಪ, ಕಲ್ಲಿನ ಶಾಖವಾಹಕತೆ ಮತ್ತು ಬೋರಿನೊಳಗಿನ ತಡೆ. ಮೊದಲು ಒಂದೇ ಬೋರು ಕೊರೆದು, ಕೊಳವೆ ಇಳಿಸಿ, ಅದರ ಸುತ್ತಲಿನ ಖಾಲಿ ಜಾಗಕ್ಕೆ ಗ್ರೌಟ್ ತುಂಬಿ, ಕನಿಷ್ಠ ಐದು ದಿನ ಬಿಡಿ. ಕೊರೆತದ ಮತ್ತು ಗ್ರೌಟಿನ ಬಿಸಿ ಆರಬೇಕು. ಬಳಿಕ ಹೀಟರ್ ಹಚ್ಚದೆ ನೀರನ್ನು ಹದಿನೈದಿಪ್ಪತ್ತು ನಿಮಿಷ ತಿರುಗಿಸಿ ತಾಪ ಬರೆದುಕೊಳ್ಳಿ. ಅದು ನೆಲದ ತಾಪ. ಕರಾವಳಿಯಲ್ಲಿ ಇದು ಊರಿನ ವರ್ಷದ ಸರಾಸರಿ ಗಾಳಿಯ ತಾಪದ ಆಸುಪಾಸಿನಲ್ಲಿ ಇರುತ್ತದೆ. ಇಲ್ಲಿ 28 ಡಿಗ್ರಿ ಹಿಡಿಯೋಣ.

ನಂತರ ಹೀಟರ್ ಹಚ್ಚಿ, ಮೀಟರಿಗೆ 50–80 ವ್ಯಾಟ್‌ನಂತೆ ಕನಿಷ್ಠ 48 ಗಂಟೆ ಓಡಿಸಿ. ಮೊದಲ 10–12 ಗಂಟೆಗಳ ದತ್ತಾಂಶ ಬಿಡಿ, ಅದು ಕಲ್ಲಿನದಲ್ಲ, ಬೋರಿನೊಳಗಿನದು. ಉಳಿದ ಸರಾಸರಿ ನೀರಿನ ತಾಪವನ್ನು ಕಾಲದ ಸಹಜ ಲಾಗರಿತಮ್ ಎದುರು ಗೆರೆ ಎಳೆದರೆ ಅದರ ಇಳಿಜಾರಿನಿಂದ ವಾಹಕತೆ ಸಿಗುತ್ತದೆ:

```
k = Q / (4 * pi * H * m)
```

ಇಲ್ಲಿ Q ಹೀಟರಿನ ವ್ಯಾಟ್, H ಬೋರಿನ ಆಳ, m ಗೆರೆಯ ಇಳಿಜಾರು. 100 ಮೀಟರ್ ಬೋರಿಗೆ 6,000 ವ್ಯಾಟ್ ಕೊಟ್ಟು ಇಳಿಜಾರು 1.99 ಬಂದರೆ ವಾಹಕತೆ ಮೀಟರಿಗೆ ಡಿಗ್ರಿಗೆ 2.4 ವ್ಯಾಟ್.

ನಮ್ಮ ಕಡೆ ಈ ಪರೀಕ್ಷೆ ಹಾಳಾಗುವುದು ಎರಡು ಕಾರಣಕ್ಕೆ. ಒಂದು, ವೋಲ್ಟೇಜ್. ಲೈನಿನ ಕರೆಂಟು ಏರಿಳಿದರೆ ಹೀಟರಿನ ವ್ಯಾಟ್ ಏರಿಳಿಯುತ್ತದೆ, ಆಗ ಗೆರೆ ಗೆರೆಯಾಗಿ ಉಳಿಯುವುದಿಲ್ಲ. ನಡುವೆ ಕರೆಂಟು ಹೋದರೆ ಅಲ್ಲಿಂದ ಮುಂದುವರಿಸುವ ಹಾಗಿಲ್ಲ, ನೆಲ ಆರುವವರೆಗೆ ಕಾದು ಮೊದಲಿನಿಂದ ಶುರು ಮಾಡಬೇಕು. ಜನರೇಟರಿನ ಜೊತೆಗೆ ಸ್ಟೆಬಿಲೈಸರ್ ಇಟ್ಟೇ ಹೊರಡಿ. ಎರಡನೆಯದು ಮಳೆ. ಮಳೆಗಾಲದಲ್ಲಿ ಚೀರೆಕಲ್ಲಿನ ತೂತುಗಳಲ್ಲಿ, ಕಲ್ಲಿನ ಬಿರುಕುಗಳಲ್ಲಿ ನೀರು ಹರಿಯುತ್ತ ಶಾಖವನ್ನು ಹೊತ್ತೊಯ್ಯುತ್ತದೆ, ವಾಹಕತೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಅದೇ ಬೇಣ ಮಾರ್ಚ್‌ನಲ್ಲಿ ಮೇಲಿನ ಹತ್ತಾರು ಮೀಟರ್ ಒಣಗಿ ನಿಂತಿರುತ್ತದೆ. ಪರೀಕ್ಷೆಯನ್ನು ಮೊದಲ ಮಳೆಗೆ ಮುಂಚೆ ಮುಗಿಸಿ. 48 ಗಂಟೆಯ ದತ್ತಾಂಶವನ್ನು ತುಂಡು ತುಂಡಾಗಿ ನೋಡುವಾಗ ವಾಹಕತೆ ಹೊತ್ತು ಹೋದಂತೆ ಏರುತ್ತಲೇ ಇದ್ದರೆ ಒಳಗೆ ನೀರು ಹರಿಯುತ್ತಿದೆ ಎಂದೇ ತಿಳಿಯಿರಿ.

ನಾಲ್ಕನೇ ಹೆಜ್ಜೆ: ಮೂರು ಕಾಲಾವಧಿಯ ತಡೆ

ನೆಲ ಶಾಖವನ್ನು ಎಷ್ಟು ತಡೆಯುತ್ತದೆ ಎಂಬುದು ಎಷ್ಟು ಹೊತ್ತು ಸುರಿದಿರಿ ಎಂಬುದರ ಮೇಲೆ ನಿಂತಿದೆ. ಹಾಗಾಗಿ ಹೊರೆಯನ್ನು ಮೂರು ಮಾಡಿ: ಹತ್ತು ವರ್ಷದ ನಿವ್ವಳ ಸರಾಸರಿ, ಕೆಟ್ಟ ತಿಂಗಳ ಸರಾಸರಿ, ಆ ತಿಂಗಳ ಕೆಟ್ಟ ದಿನದ ಆರು ಗಂಟೆಯ ಗರಿಷ್ಠ. ಶಾಲೆಯ ದಿನ ಹೇಗೂ ಹತ್ತರಿಂದ ನಾಲ್ಕರವರೆಗೆ, ಆರು ಗಂಟೆ ಸರಿಯಾಗಿ ಹೊಂದುತ್ತದೆ.

ಬೋರು ನಮ್ಮಲ್ಲಿ ರೂಢಿಯ ಆರೂವರೆ ಇಂಚು, ಅಂದರೆ 165 ಮಿಲಿಮೀಟರ್. ಕಲ್ಲಿನಲ್ಲಿ ಶಾಖ ಹರಡುವ ವೇಗವನ್ನು ದಿನಕ್ಕೆ 0.09 ಚದರ ಮೀಟರ್ ಎಂದು ಹಿಡಿದರೆ ಲೆಕ್ಕ ಹೀಗೆ:

```
from math import log10

def G(t, a=0.09, r=0.0825):
    x = log10(a*t/r**2)
    return 10**(-0.89129 + 0.36081*x
                - 0.05508*x**2 + 0.00359617*x**3)

k = 2.4
g1, g2, g3 = G(0.25), G(30.25), G(3680.25)
print(g1/k, (g2-g1)/k, (g3-g2)/k)
```

ಬರುವ ಉತ್ತರ: ಆರು ಗಂಟೆಗೆ 0.0797, ತಿಂಗಳಿಗೆ 0.148, ಹತ್ತು ವರ್ಷಕ್ಕೆ 0.152. ಕಾಲವನ್ನು ದಿನಗಳಲ್ಲಿ ಕೊಡಬೇಕು. ಗಂಟೆಯಲ್ಲಿ ಕೊಟ್ಟರೆ ಉತ್ತರ ಬರುತ್ತದೆ, ಆದರೆ ತಪ್ಪು ಉತ್ತರ.

ಇವಲ್ಲದೆ ಕೊಳವೆಯ ನೀರಿನಿಂದ ಬೋರಿನ ಗೋಡೆಯವರೆಗಿನ ತಡೆ ಬೇರೆ ಇದೆ. 40 ಮಿಲಿಮೀಟರ್ ಎಚ್‌ಡಿಪಿಇ ಯು-ಕೊಳವೆಗೆ ಸಿಲಿಕಾ ಮರಳು ಬೆರೆಸಿದ ಗ್ರೌಟ್ ಹಾಕಿದರೆ 0.12 ಹಿಡಿಯಬಹುದು. ಬರಿಯ ಬೆಂಟೊನೈಟ್ ಆದರೆ 0.20ರ ಹತ್ತಿರ ಹೋಗುತ್ತದೆ.

ಐದನೇ ಹೆಜ್ಜೆ: ಉದ್ದ

```
L = (qy*R10 + qm*R1 + qh*(R6 + Rb)) / (Tm - Tg - Tp)
```

ಇಲ್ಲಿ qy ವರ್ಷದ ನಿವ್ವಳ ಸರಾಸರಿ, qm ಮಾರ್ಚ್ ತಿಂಗಳ ಸರಾಸರಿ, qh ಗರಿಷ್ಠ ಹೊರೆ, ಮೂರೂ ವ್ಯಾಟ್‌ನಲ್ಲಿ. R10, R1, R6 ಎಂದರೆ ಹತ್ತು ವರ್ಷದ, ತಿಂಗಳ, ಆರು ಗಂಟೆಯ ತಡೆ, Rb ಬೋರಿನೊಳಗಿನ ತಡೆ. ಯಂತ್ರಕ್ಕೆ ನೀರು ಬರುವುದು 38, ಹೊರಡುವುದು 43 ಡಿಗ್ರಿ ಎಂದು ಮಿತಿ ಹಾಕಿದರೆ ಸರಾಸರಿ Tm 40.5. ನೆಲದ ತಾಪ Tg 28. ನಮ್ಮ ಕೈಯಲ್ಲಿ ಉಳಿಯುವ ಅಂತರ ಬರೇ 12.5 ಡಿಗ್ರಿ. ವರ್ಷದ ಹೊರೆಯಿಂದ 717, ತಿಂಗಳಿನದರಿಂದ 1,494, ಗರಿಷ್ಠ ಹೊರೆಯಿಂದ 12,481, ಒಟ್ಟು 14,692. ನೆರೆಯ ಬೋರುಗಳ ಪ್ರಭಾವ Tp ಬಿಟ್ಟು ಭಾಗಿಸಿದರೆ 1,175 ಮೀಟರ್. ಅಷ್ಟಕ್ಕೇ ನಿಲ್ಲಿಸಿದರೆ ಅಸಮತೋಲನ ಲೆಕ್ಕಕ್ಕೆ ಬಂದೇ ಇಲ್ಲ ಎಂದರ್ಥ.

ಆರನೇ ಹೆಜ್ಜೆ: ನೆರೆಯ ಬೋರಿನ ಬಿಸಿ

ಪ್ರತಿ ಬೋರೂ ಉಳಿದ ಬೋರುಗಳ ಸುತ್ತಲಿನ ನೆಲವನ್ನು ನಿಧಾನಕ್ಕೆ ಕಾಯಿಸುತ್ತದೆ. 12 ಬೋರುಗಳನ್ನು ಆಟದ ಮೈದಾನದ ಅಂಚಿಗೆ ಮೂರು ಸಾಲು, ಸಾಲಿಗೆ ನಾಲ್ಕರಂತೆ, 6 ಮೀಟರ್ ಅಂತರದಲ್ಲಿ ಹಾಕಿದ್ದೇವೆ ಎನ್ನೋಣ. ಎರಡೆರಡು ಬೋರುಗಳ ನಡುವಿನ ದೂರ r ಹಿಡಿದು ಹತ್ತು ವರ್ಷಕ್ಕೆ ಈ ಮೊತ್ತ ತೆಗೆಯಬೇಕು:

```
Tp = (qy / L) / (4*pi*k) * S
S  = sum( E1( r**2 / (4*a*t) ) ) / 12
```

E1 ಎಂಬ ಫಲನ ಸ್ಪ್ರೆಡ್‌ಶೀಟಿನಲ್ಲಿ ನೇರವಾಗಿ ಸಿಗದಿದ್ದರೆ ಪೈಥಾನಿನ scipy.special ಒಳಗೆ exp1 ಎಂಬ ಹೆಸರಿನಲ್ಲಿದೆ. 12 ಬೋರುಗಳಿಂದ 132 ಜೋಡಿ ಆಗುತ್ತವೆ, ಹೋಗುವುದೂ ಬರುವುದೂ ಬೇರೆ ಬೇರೆ ಎಣಿಸಬೇಕು. S ಬರುವುದು 22.1. ಬೋರುಗಳ ಸಂಖ್ಯೆ ಮತ್ತು ಅಂತರ ಬದಲಾಗದೆ ಆಳ ಮಾತ್ರ ಬದಲಾಗುತ್ತದೆ ಎಂದಾದರೆ ಇಲ್ಲೊಂದು ಅನುಕೂಲವಿದೆ. Tp ಎಂಬುದು ಒಂದು ಸ್ಥಿರಾಂಕವನ್ನು L ಇಂದ ಭಾಗಿಸಿದಷ್ಟೇ, ನಮ್ಮಲ್ಲಿ ಆ ಸ್ಥಿರಾಂಕ 3,451. ಆಗ ಮತ್ತೆ ಮತ್ತೆ ಊಹಿಸಿ ಸರಿಪಡಿಸುವ ಗೋಜಿಲ್ಲ, ಅದನ್ನು ಮೇಲಿನ ಮೊತ್ತಕ್ಕೆ ಕೂಡಿಸಿ 12.5ರಿಂದ ಭಾಗಿಸಿದರೆ ಸಾಕು. 14,692ಕ್ಕೆ 3,451 ಸೇರಿಸಿ ಭಾಗಿಸಿದರೆ 1,451 ಮೀಟರ್. ನೆರೆಯ ಬಿಸಿಯೊಂದಕ್ಕೇ 276 ಮೀಟರ್ ಹೆಚ್ಚಾಯಿತು. ಬೋರಿಗೆ 121 ಮೀಟರ್ ಬರುತ್ತದೆ. ರಿಗ್ಗಿನವರ ಭಾಷೆಯಲ್ಲಿ ತಲಾ 400 ಅಡಿಯ 12 ಬೋರು, ಒಟ್ಟು 1,463 ಮೀಟರ್.

ಹಾಸ್ಟೆಲ್ಲಿನ ಬಿಸಿನೀರನ್ನು ಇದೇ ಲೂಪಿಗೆ ಸೇರಿಸದೆ ಬೇರೆ ಕಡೆಯಿಂದ ಕಾಯಿಸಿದ್ದರೆ ಉದ್ದ 1,572 ಮೀಟರ್ ಆಗುತ್ತಿತ್ತು. ಸ್ನಾನದ ನೀರು 120 ಮೀಟರ್ ಕೊರೆತ ಉಳಿಸಿದೆ, ಒಂದು ಇಡೀ ಬೋರು. ಜಾಗವಿದ್ದು ಅಂತರವನ್ನು 8 ಮೀಟರಿಗೆ ಏರಿಸಿದರೆ ಸುಮಾರು 1,380 ಮೀಟರ್ ಸಾಕು. ಬೇಣದ ಶಾಲೆಗಳಿಗೆ ಜಾಗದ ಕೊರತೆ ಇರುವುದಿಲ್ಲ. ಅಂತರ ಹೆಚ್ಚಿಸುವುದಕ್ಕೆ ಬೇಕಾಗುವುದು ಸ್ವಲ್ಪ ಹೆಚ್ಚಿನ ಕಾಲುವೆ ಅಗೆತವಷ್ಟೇ, ಹಾಗಾಗಿ ಇದನ್ನೇ ಮೊದಲು ಮಾಡಿ.

ಬಿಸಿ ತೆಗೆಯುವ ಬದಿಯನ್ನೂ ಒಮ್ಮೆ ಪರೀಕ್ಷಿಸಿ. ಬಿಸಿನೀರಿನ ಪಂಪು ನೆಲದಿಂದ 12 ಕಿಲೋವ್ಯಾಟ್ ಎಳೆದರೆ, ಲೂಪು ಸರಾಸರಿ 12 ಡಿಗ್ರಿಗೆ ಇಳಿಯಲು ಬಿಟ್ಟರೂ ಬೇಕಾಗುವುದು 175 ಮೀಟರ್ ಒಳಗೆ. ಎರಡು ಉದ್ದಗಳಲ್ಲಿ ದೊಡ್ಡದನ್ನು ತೆಗೆದುಕೊಳ್ಳಬೇಕು, ಸರಾಸರಿಯನ್ನಲ್ಲ. ಲೂಪು ಹೆಪ್ಪುಗಟ್ಟುವ ಮಾತಿಲ್ಲದ್ದರಿಂದ ಗ್ಲೈಕಾಲ್ ಬೇಡ, ಶುದ್ಧ ನೀರೇ ಸಾಕು. ಬೋರಿಗೆ ಸೆಕೆಂಡಿಗೆ ಕಾಲು ಲೀಟರ್ ಹರಿಸಿ.

ಯಾವ ಅಂಕಿ ತಪ್ಪಿದರೆ ಎಷ್ಟು ನಷ್ಟ

ಎಲ್ಲರೂ ವಾಹಕತೆಯ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಅದು 2.4ರ ಬದಲು 2.0 ಆದರೆ ಉದ್ದ ಸುಮಾರು 170 ಮೀಟರ್ ಹೆಚ್ಚುತ್ತದೆ, ಸಣ್ಣದಲ್ಲ. ಆದರೆ ಗ್ರೌಟ್ ಕೆಟ್ಟು ಬೋರಿನ ತಡೆ 0.12ರಿಂದ 0.20ಕ್ಕೆ ಏರಿದರೆ 400 ಮೀಟರ್ ಹೆಚ್ಚುತ್ತದೆ. ಶಾಲೆಯ ಹೊರೆ ಹಗಲಿನ ಆರು ಗಂಟೆಯಲ್ಲಿ ದಟ್ಟವಾಗಿ ಬರುವುದರಿಂದ ಆ ಶಾಖವೆಲ್ಲ ಬೋರಿನ ಕಿರಿದಾದ ಸುತ್ತಳತೆಯನ್ನು ಒಮ್ಮೆಗೇ ದಾಟಬೇಕು. ಅದಕ್ಕೇ ಗ್ರೌಟಿನ ಕೆಲಸದ ಎದುರು ನೀವೇ ನಿಲ್ಲಿ. ಗ್ರೌಟ್ ಇಳಿಸುವ ಟ್ರೆಮಿ ಕೊಳವೆ ಬೋರಿನ ತಳ ಮುಟ್ಟಬೇಕು, ಗ್ರೌಟ್ ಕೆಳಗಿನಿಂದ ಮೇಲೆ ತುಂಬಿ ಬರಬೇಕು, ಬಾಯಲ್ಲಿ ನೀರಲ್ಲ, ಗಟ್ಟಿ ಗ್ರೌಟೇ ಉಕ್ಕಬೇಕು. ಮೇಲಿನಿಂದ ಸುರಿದರೆ ನಡುವೆ ಗಾಳಿಯ ಹೊಂಡ ಉಳಿಯುತ್ತದೆ. ಮರುದಿನ ಬಾಯಲ್ಲಿ ಗ್ರೌಟ್ ಒಂದೆರಡು ಮೀಟರ್ ಕುಸಿದಿದ್ದರೆ ಮತ್ತೆ ತುಂಬಿಸಿ. ಉಪ್ಪುನೀರಿನ ಪದರ ಸಿಹಿನೀರಿನ ಪದರಕ್ಕೆ ಸೇರದಂತೆ ತಡೆಯುವುದೂ ಇದೇ ಗ್ರೌಟ್. ಕಡಲಿಗೆ ಹತ್ತಿರದ ಊರಿನ ಬಾವಿಗಳಿಗಾಗಿಯಾದರೂ ಇದರಲ್ಲಿ ಉದಾಸೀನ ಬೇಡ.

ನೆಲದ ತಾಪವನ್ನು ಬೇರೆ ಊರಿನಿಂದ ಎರವಲು ತರುವುದು ಇನ್ನೊಂದು ತಪ್ಪು. 28ರ ಜಾಗದಲ್ಲಿ 25 ಹಾಕಿದರೆ ಉತ್ತರ 1,170 ಮೀಟರಿಗೆ ಇಳಿಯುತ್ತದೆ. ಘಟ್ಟದ ಮೇಲೆ ಶಿರಸಿಯ ಕಡೆ ನೆಲ ನಿಜಕ್ಕೂ ತಂಪಾಗಿ ಸಿಕ್ಕರೆ ಆ ಲಾಭ ಅಲ್ಲಿನವರದು, ಅಂಕೋಲೆಯ ಶಾಲೆಗೆ ಅದು ಬರುವುದಿಲ್ಲ.

ಬೋರಿನ ಉದ್ದ ಬೇರೆ, ಕೊಳವೆಯ ಉದ್ದ ಬೇರೆ. 122 ಮೀಟರ್ ಬೋರಿಗೆ ಹೋಗಿ ಬರುವ ಕೊಳವೆ 244 ಮೀಟರ್. ಟೆಂಡರಿನಲ್ಲಿ ‘ಒಟ್ಟು 1,463 ಮೀಟರ್’ ಎಂದಷ್ಟೇ ಬರೆದರೆ ಯಾವುದರ ಉದ್ದ ಎಂಬ ಜಗಳ ಖಚಿತ. ‘ಕೊರೆದ ಬೋರಿನ ಕ್ರಿಯಾಶೀಲ ಆಳ, ಮೇಲಿನ ಕಾಲುವೆ ಬಿಟ್ಟು’ ಎಂದು ಸ್ಪಷ್ಟವಾಗಿ ಬರೆಯಿರಿ. ಚೀರೆಕಲ್ಲು ಮತ್ತು ಕೊಳೆತ ಕಲ್ಲು ದಾಟುವವರೆಗೆ ಕೇಸಿಂಗ್ ಬೇಕಾಗುತ್ತದೆ, ಅದನ್ನು ಬೇರೆ ಸಾಲಿನಲ್ಲಿ ಹಾಕಿ. ಕೊರೆದ ಪ್ರತಿ ಬೋರಿನ ಬಾಯಿಗೆ ಅದೇ ಗಳಿಗೆಯಲ್ಲಿ ಕಬ್ಬಿಣದ ಮುಚ್ಚಳ ಬಿಗಿಸಬೇಕು. ಮಕ್ಕಳು ಓಡಾಡುವ ಅಂಗಳ ಅದು.

ಉದ್ದ ಕೈ ಮೀರಿದರೆ

12 ಬೋರಿನ ಹಣ ಇಲ್ಲದಿದ್ದರೆ ಬೋರು ಕಡಿತ ಮಾಡಿ ಸುಮ್ಮನಾಗಬೇಡಿ, ಗರಿಷ್ಠ ಹೊರೆಯನ್ನು ಕಡಿತ ಮಾಡಿ. ಯಂತ್ರದಿಂದ ಹೊರಡುವ ನೀರು 43 ಡಿಗ್ರಿ, ಮಾರ್ಚ್ ಮಧ್ಯಾಹ್ನದ ಗಾಳಿ 33ರ ಆಸುಪಾಸು. ಈ ಅಂತರದಲ್ಲಿ ಫ್ಯಾನ್ ಇರುವ ಒಣ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ನೀರು ಖರ್ಚಾಗುವುದಿಲ್ಲ. ಅದು 20 ಕಿಲೋವ್ಯಾಟ್ ಹೊತ್ತೊಯ್ದರೆ 320 ಮೀಟರ್ ಉಳಿಯುತ್ತದೆ, ಒಟ್ಟು 1,130 ಮೀಟರಿಗೆ ಬರುತ್ತದೆ. ಕೂಲರಿನ ರೆಕ್ಕೆಗಳಿಗೆ ಎಪಾಕ್ಸಿ ಲೇಪ ಕೇಳಿ ಪಡೆಯಿರಿ, ಬರಿ ಅಲ್ಯೂಮಿನಿಯಂ ಕಡಲ ಗಾಳಿಗೆ ಬೇಗ ಬಿಳಿಪುಡಿಯಾಗಿ ಉದುರುತ್ತದೆ.

ಇನ್ನೊಂದು ದಾರಿ ಖರ್ಚಿಲ್ಲದ್ದು. ಬಿಸಿನೀರಿನ ಪಂಪನ್ನು ಬೆಳಗಿನ ಜಾವದ ಬದಲು ಹನ್ನೊಂದರಿಂದ ನಾಲ್ಕರವರೆಗೆ ಓಡಿಸಿ, ನೀರನ್ನು ಚೆನ್ನಾಗಿ ಹೊದಿಕೆ ಹಾಕಿದ ಟ್ಯಾಂಕಿನಲ್ಲಿಡಿ. ತರಗತಿಯ ಶಾಖ ನೆಲಕ್ಕೆ ಇಳಿಯುವ ಮೊದಲೇ 12 ಕಿಲೋವ್ಯಾಟ್ ಟ್ಯಾಂಕಿಗೆ ತಿರುಗುತ್ತದೆ. ಲೆಕ್ಕದಲ್ಲಿ ಇದರ ಬೆಲೆ 190 ಮೀಟರ್. ಆದರೂ ಇದನ್ನು ಉದ್ದದಿಂದ ಕಳೆಯಬೇಡಿ. ಮಾರ್ಚ್‌ನಲ್ಲಿ ಬಿಸಿನೀರು ಬೇಡವಾದ ದಿನ ಈ ಸಹಾಯ ಸಿಗುವುದಿಲ್ಲ. ಇದು ನಿಮ್ಮ ಮೀಸಲಾಗಿ ಇರಲಿ.

ಸರಿಯಾಗಿದೆಯೇ ಎಂದು ತಿಳಿಯುವುದು

ಟನ್ನಿಗೆ 60 ಮೀಟರ್ ಲೆಕ್ಕ ಹಿಡಿದಿದ್ದರೆ ಈ ಶಾಲೆಗೆ 850 ಮೀಟರ್ ಸಿಗುತ್ತಿತ್ತು. ಮೊದಲ ಮಾರ್ಚ್‌ನಲ್ಲೇ ಯಂತ್ರಕ್ಕೆ 42 ಡಿಗ್ರಿ ಮೀರಿದ ನೀರು ಬರುತ್ತಿತ್ತು, ಹೇಗೋ ಓಡುತ್ತಿತ್ತು. ಹತ್ತನೇ ವರ್ಷಕ್ಕೆ ಅದು 47ರ ಹತ್ತಿರ ಹೋಗಿ ಮಧ್ಯಾಹ್ನ ಎರಡು ಗಂಟೆಗೆ ಹೈ ಪ್ರೆಶರ್ ಟ್ರಿಪ್ ಆಗುತ್ತದೆ. ಮೆಕ್ಯಾನಿಕ್ ಬಂದು ಗ್ಯಾಸ್ ಪರೀಕ್ಷಿಸುತ್ತಾನೆ, ಕಂಪ್ರೆಸರ್ ಬದಲಿಸಲು ಹೇಳುತ್ತಾನೆ, ಕಾಯಿಲೆ ಇರುವುದು ಮಾತ್ರ ನೆಲದಲ್ಲಿ.

ಇದನ್ನು ಮೊದಲೇ ಹಿಡಿಯಲು ಯಂತ್ರಕ್ಕೆ ಬರುವ ನೀರಿನ ಕೊಳವೆಗೆ ಒಂದು ತಾಪಮಾಪಕ ಕೂರಿಸಿ, ಪ್ರತಿ ಮಾರ್ಚ್ ಮೂರನೇ ವಾರದಲ್ಲಿ ಮಧ್ಯಾಹ್ನ ಮೂರಕ್ಕೆ ಬರೆದಿಡಿ. ನಮ್ಮ 1,463 ಮೀಟರಿನ ಲೆಕ್ಕದಂತೆ ಪೂರ್ಣ ಹೊರೆಯ ದಿನ ಮೊದಲ ವರ್ಷದ ಕೊನೆಗೆ ಅದು 36 ಡಿಗ್ರಿಯ ಹತ್ತಿರ ಇರಬೇಕು, ಐದನೇ ವರ್ಷಕ್ಕೆ 37ರ ಸ್ವಲ್ಪ ಮೇಲೆ, ಹತ್ತನೇ ವರ್ಷಕ್ಕೆ 38. ಏರಿಕೆ ಮೊದಲು ಚುರುಕಾಗಿದ್ದು ಬರಬರುತ್ತ ನಿಧಾನವಾಗಬೇಕು. ಮೂರನೇ ಮಾರ್ಚ್‌ಗೇ 38 ದಾಟಿದರೆ ಕಂಪ್ಯೂಟರ್ ಕೋಣೆಗೆ ಹೊಸ ಯಂತ್ರಗಳು ಸೇರಿವೆಯೇ, ರಜೆಯಲ್ಲೂ ಎಸಿ ಓಡುತ್ತಿದೆಯೇ, ಬಿಸಿನೀರಿನ ಪಂಪು ಕೆಟ್ಟು ಹಾಸ್ಟೆಲ್ ಗೀಸರಿಗೆ ಮರಳಿದೆಯೇ ಎಂದು ನೋಡಿ. ಈ ಮೂರೂ ಇಲ್ಲದಿದ್ದರೆ ಒಣ ಕೂಲರನ್ನು ಆ ವರ್ಷವೇ ಸೇರಿಸಿ. ಅದಕ್ಕೆಂದು ಬೋರುಗಳ ಕೊಳವೆಗಳೆಲ್ಲ ಸೇರುವ ಹೆಡರಿನಲ್ಲಿ ಎರಡು ವಾಲ್ವ್ ಮತ್ತು ಮುಚ್ಚಿದ ಕವಲನ್ನು ಮೊದಲ ದಿನವೇ ಬಿಟ್ಟಿರಬೇಕು.